ದಾಳಿಂಬೆಯ ಬೀಜ: ನುಂಗಬೇಕೇ, ಉಗುಳಬೇಕೇ?

ಇಫ್ತಾರ್ ತಟ್ಟೆಯಲ್ಲಿ ಖರ್ಜೂರದ ಪಕ್ಕದಲ್ಲೇ ಬಿಡಿಸಿಟ್ಟ ದಾಳಿಂಬೆ. ಅಜ್ಜಿ ರಸ ಹೀರಿ ಬೀಜವನ್ನು ಉಗುಳುತ್ತಾರೆ, ಮಗ ಜಗಿದು ನುಂಗುತ್ತಾನೆ, ಎರಡು ವರ್ಷದ ಮೊಮ್ಮಗಳು ಬಾಯ್ತುಂಬ ತುರುಕಿಕೊಳ್ಳುತ್ತಾಳೆ. ಇವರಲ್ಲಿ ಯಾರು ಮಾಡುತ್ತಿರುವುದು ಸರಿ?

ನಾವು ಕಾಳು ಎನ್ನುವುದರಲ್ಲಿ ಎರಡು ಭಾಗಗಳಿವೆ. ಹೊರಗಿನ ಕೆಂಪು ಭಾಗ ರಸ ತುಂಬಿದ ಹೊದಿಕೆ. ಒಳಗಿನ ಬಿಳಿಯ ಗಟ್ಟಿ ಭಾಗವೇ ಬೀಜ. ಈ ಬೀಜವನ್ನೂ ತಿನ್ನಬಹುದು. ಅದರಲ್ಲಿ ವಿಷವಿಲ್ಲ. ಉತ್ತರ ಭಾರತದ ಅಡುಗೆಯಲ್ಲಿ ಹುಳಿಗೆ ಬಳಸುವ ಅನಾರ್‌ದಾನಾ ಎಂದರೆ ಬೀಜ ಸಹಿತ ಒಣಗಿಸಿದ ದಾಳಿಂಬೆ ಕಾಳೇ.

ಬೀಜದಲ್ಲಿರುವುದು ಮುಖ್ಯವಾಗಿ ನಾರು, ಜೊತೆಗೆ ಸ್ವಲ್ಪ ಎಣ್ಣೆ. ನೂರು ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರು ಸಿಗುತ್ತದೆ. ಸೋಸಿದ ರಸದಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಗಟ್ಟಿ ನಾರನ್ನು ನಮ್ಮ ಕರುಳು ಜೀರ್ಣಿಸಲಾರದು. ಆದ್ದರಿಂದ ಇಡಿಯಾಗಿ ನುಂಗಿದ ಬೀಜ ಮಲದಲ್ಲಿ ಹಾಗೆಯೇ ಕಾಣಿಸಿಕೊಂಡರೆ ಗಾಬರಿ ಬೇಡ. ಚೆನ್ನಾಗಿ ಜಗಿದರೆ ಬೀಜ ಒಡೆದು ಸುಲಭವಾಗಿ ಸಾಗುತ್ತದೆ. ಹಾಗಾಗಿ ಆರೋಗ್ಯವಂತನಾದ ಮಗ ಮಾಡುತ್ತಿರುವುದು ಸರಿ, ಒಂದು ಸಣ್ಣ ಬಟ್ಟಲಿನಷ್ಟು ತಿಂದರೆ ಸಾಕು.

ಅಜ್ಜಿಯದೂ ತಪ್ಪಲ್ಲ. ಅಲುಗಾಡುವ ಹಲ್ಲು ಅಥವಾ ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರಿಗೆ ಬೀಜದ ಚೂರು ಒಸಡಿಗೆ ಸಿಕ್ಕಿ ನೋವಾಗುತ್ತದೆ. ಕರುಳು ಕಿರಿದಾಗಿರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹಳೆಯ ಮಲಬದ್ಧತೆ ಇರುವವರು ಬೀಜ ನುಂಗದಿರುವುದೇ ಲೇಸು. ನೀರು ಕಡಿಮೆ ಕುಡಿದು ಬೀಜಗಳನ್ನು ಜಗಿಯದೆ ರಾಶಿ ರಾಶಿ ನುಂಗಿದರೆ, ಅಪರೂಪಕ್ಕೆ ಅವು ಕೆಳಗರುಳಿನಲ್ಲಿ ಗಟ್ಟಿ ಉಂಡೆಯಾಗಿ ಕಟ್ಟಿಕೊಳ್ಳುವುದುಂಟು. ರೋಜಾದ ದಿನಗಳಲ್ಲಿ ಇದು ನೆನಪಿರಲಿ. ಎಷ್ಟು ಮುಕ್ಕಿದರೂ ಮಲ ಬಾರದಿರುವುದು, ಗುದದಲ್ಲಿ ಚುಚ್ಚಿದಂಥ ನೋವು, ಹೊಟ್ಟೆಯುಬ್ಬರ ಇದರ ಗುರುತು. ಕೆಲವೊಮ್ಮೆ ಉಂಡೆಯ ಪಕ್ಕದಿಂದ ನೀರಾದ ಮಲ ಜಿನುಗುತ್ತದೆ, ಮನೆಯವರು ಅದನ್ನು ಭೇದಿ ಎಂದು ತಿಳಿಯುತ್ತಾರೆ. ಆಗ ಹರಳೆಣ್ಣೆ ಕುಡಿಸಿ ಕಾಯಬೇಡಿ, ವೈದ್ಯರಲ್ಲಿಗೆ ಹೋಗಿ. ವಾಂತಿಯೂ ಇದ್ದರೆ ತಡಮಾಡಲೇಬೇಡಿ.

ನಿಜವಾಗಿ ತಡೆಯಬೇಕಾದದ್ದು ಮೊಮ್ಮಗಳನ್ನು. ದವಡೆ ಹಲ್ಲು ಪೂರ್ತಿ ಬಾರದ ಮಗು ಕಾಳನ್ನು ಜಗಿಯಲಾರದು. ಜಾರುವ ಕಾಳು, ನಗುವಾಗಲೋ ಓಡುವಾಗಲೋ ಶ್ವಾಸನಾಳಕ್ಕೆ ಇಳಿಯಬಹುದು. ನಾಲ್ಕು ವರ್ಷದ ತನಕ ಅವಳಿಗೆ ಇಡೀ ಕಾಳು ಕೊಡದೆ ರಸ ಕೊಡಿ. ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಹೆಚ್ಚು ತಿರುಗಿಸಿದರೆ ಬೀಜ ಪುಡಿಯಾಗಿ ರಸ ಒಗರಾಗುತ್ತದೆ, ಮಗು ಮುಖ ತಿರುಗಿಸುತ್ತದೆ.