ಎಲ್ಲ ದಾರಿಗಳ ಲೆಕ್ಕ

ಇಲೆಕ್ಟ್ರಾನೊಂದು ಇಲ್ಲಿಂದ ಹೊರಟು ಅಲ್ಲಿ ಸಿಕ್ಕಿತು. ನಡುವೆ ಯಾವ ದಾರಿ ಹಿಡಿಯಿತು? ರಿಚರ್ಡ್ ಫೈನ್‌ಮನ್ 1948ರ ತಮ್ಮ ಪ್ರಬಂಧದಲ್ಲಿ ಯಾವ ದಾರಿಯನ್ನೂ ಆರಿಸಲಿಲ್ಲ; ನೆಟ್ಟಗಿನದು, ಸೊಟ್ಟಗಿನದು, ಸುತ್ತುಬಳಸಿನದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇದರ ಎಳೆ ಡಿರಾಕ್ 1933ರಲ್ಲಿ ಬರೆದ ಲೇಖನವೊಂದರಲ್ಲಿತ್ತು.

ಲೆಕ್ಕ ಹೀಗೆ. ಪ್ರತಿ ದಾರಿಗೂ ಗಡಿಯಾರದ ಮುಳ್ಳಿನಂಥ ಒಂದು ಬಾಣ ಕೊಡಿ. ಆ ದಾರಿಯ ಆಕ್ಷನ್ S ಎಷ್ಟೋ, ಅದನ್ನು ħನಿಂದ ಭಾಗಿಸಿ ಬಂದಷ್ಟು ರೇಡಿಯನ್ ಬಾಣವನ್ನು ತಿರುಗಿಸಿ. (ಚಲನಶಕ್ತಿಯಿಂದ ಪ್ರಚ್ಛನ್ನ ಶಕ್ತಿಯನ್ನು ಕಳೆದು, ಪಯಣದ ಉದ್ದಕ್ಕೂ ಕಾಲದೊಂದಿಗೆ ಕೂಡಿಸಿದರೆ ಆಕ್ಷನ್.) ಎಲ್ಲ ಬಾಣಗಳನ್ನೂ ತುದಿಗೆ ಬುಡ ಸೇರಿಸುತ್ತ ಜೋಡಿಸಿ. ಕೊನೆಗೆ ಉಳಿಯುವ ಬಾಣದ ಉದ್ದದ ವರ್ಗವೇ ಕಣ ಅಲ್ಲಿ ಸಿಗುವ ಸಂಭವನೀಯತೆಯನ್ನು ಕೊಡುತ್ತದೆ. ಒಂದು ಮಾತು ಗಟ್ಟಿ ನೆನಪಿರಲಿ: ಬಾಣಗಳ ಉದ್ದವೆಲ್ಲ ಸಮ. ನೇರ ದಾರಿಗೆ ಹೆಚ್ಚು ತೂಕವೇನೂ ಇಲ್ಲ.

ಹಾಗಾದರೆ ಕ್ರಿಕೆಟ್ ಚೆಂಡು ಒಂದೇ ದಾರಿಯಲ್ಲಿ ಹೋದಂತೆ ಕಾಣುವುದೇಕೆ? ಗುರುತ್ವವನ್ನು ಬದಿಗಿಟ್ಟು ನೋಡೋಣ. m ರಾಶಿಯ ಕಣ T ಸಮಯದಲ್ಲಿ ನೇರವಾಗಿ ಹೋಗುವ ಬದಲು, ಅರ್ಧದಾರಿಯಲ್ಲಿ d ದೂರ ಪಕ್ಕಕ್ಕೆ ಸರಿದು, ಮತ್ತೆ ಅದೇ ಗುರಿಗೆ ಬರಲಿ. ಎರಡು ನೇರ ತುಂಡುಗಳ ಈ ದಾರಿಗೆ ತಗಲುವ ಹೆಚ್ಚುವರಿ ಆಕ್ಷನ್ 2md²/T. ಕಾಗದದ ಮೇಲೆ ನೀವೇ ಮಾಡಿ ನೋಡಿ, ಪೈಥಾಗೊರಸ್ ಸಾಕು.

d ಸೊನ್ನೆಯ ಬಳಿ ಇರುವಾಗ ಅದರ ವರ್ಗ ತೀರ ಚಿಕ್ಕದು. ಅಲ್ಲಿಯ ಬಾಣಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನಿಂತು ಒಟ್ಟುಗೂಡುತ್ತವೆ. ದೂರ ಸರಿದಂತೆ ಅಕ್ಕಪಕ್ಕದ ಬಾಣಗಳೇ ಎದುರುಬದುರಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಎಲ್ಲೆ ಎಲ್ಲಿದೆ? ಬಾಣ ಅರ್ಧ ಸುತ್ತು, ಅಂದರೆ π ರೇಡಿಯನ್, ತಿರುಗುವ d ಹುಡುಕಿದರಾಯಿತು. 160 ಗ್ರಾಂ ಚೆಂಡು, ಅರ್ಧ ಸೆಕೆಂಡು: d ಸುಮಾರು 2×10⁻¹⁷ ಮೀಟರ್, ಪ್ರೋಟಾನಿಗಿಂತಲೂ ಎಷ್ಟೋ ಸಣ್ಣದು. ಇಲೆಕ್ಟ್ರಾನ್, ಒಂದು ನ್ಯಾನೊಸೆಕೆಂಡು: ಸುಮಾರು 0.4 ಮೈಕ್ರಾನ್. ಚೆಂಡಿನ ದಾರಿ ಗೆರೆಯಂತಾಗುವುದು, ಇಲೆಕ್ಟ್ರಾನಿನದು ಹರಡಿಕೊಳ್ಳುವುದು ಇಷ್ಟರಿಂದಲೇ.

ಅಳಿಸಿಹೋದ ದಾರಿಗಳು ದಂಡವೆನ್ನುವಂತಿಲ್ಲ. ಇಲೆಕ್ಟ್ರಾನಿನ ದಾರಿಗೆ ಕಿರಿದಾದ ಸೀಳು ಅಡ್ಡವಿಟ್ಟರೆ, ಅಳಿಸುತ್ತಿದ್ದ ನೆರೆಯ ಬಾಣಗಳಿಗೆ ತಡೆ ಬೀಳುತ್ತದೆ. ಉಳಿದವು ಪಕ್ಕದ ದಿಕ್ಕುಗಳಲ್ಲೂ ಪೂರ್ತಿ ಅಳಿಯುವುದಿಲ್ಲ. ಸೀಳು ಕಿರಿದಾದಷ್ಟೂ ಕಿರಣ ಅಗಲವಾಗುವುದು ಇದಕ್ಕೇ. ಆದರೆ ಇಲೆಕ್ಟ್ರಾನ್ ನಿಜವಾಗಿ ಎಲ್ಲ ದಾರಿಗಳಲ್ಲೂ ಓಡಿತೆಂದು ಲೆಕ್ಕ ಹೇಳುವುದಿಲ್ಲ, ಕೂಡಿಸಿದರೆ ಸರಿ ಉತ್ತರ ಬರುತ್ತದೆ ಎನ್ನುತ್ತದೆ ಅಷ್ಟೆ. ಜನಪ್ರಿಯ ಪುಸ್ತಕಗಳು ಇಲ್ಲಿ ಸ್ವಲ್ಪ ಆತುರಪಡುತ್ತವೆ.

ಕೂಡಿಸುವುದೂ ಸುಲಭವಲ್ಲ. ಕಾಲವನ್ನು ಸಣ್ಣ ಹೋಳುಗಳಾಗಿ ಕತ್ತರಿಸಿ, ಪ್ರತಿ ಹೋಳಿನಲ್ಲೂ ಕಣ ಇರಬಹುದಾದ ಎಲ್ಲ ಜಾಗಗಳ ಮೇಲೆ ಅನುಕಲನ ಮಾಡಿ, ಹೋಳುಗಳನ್ನು ಕಿರಿದಾಗಿಸುತ್ತ ಹೋಗಬೇಕು. ಶ್ರೋಡಿಂಗರ್ 1926ರಲ್ಲೇ ಬಿಡಿಸಿದ್ದ ಹೈಡ್ರೋಜನ್ ಪರಮಾಣುವನ್ನು ಈ ವಿಧಾನದಿಂದ ಬಿಡಿಸಲು 1979ರಲ್ಲಿ ಡುರು ಮತ್ತು ಕ್ಲೈನರ್ಟ್ ಬರಬೇಕಾಯಿತು.