ಎಣ್ಣೆ ಪ್ಯಾಕೆಟ್ಟಿನ ಹಿಂಬದಿಯ ಲೆಕ್ಕ

ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಮುಂಬದಿಯಲ್ಲಿ ಹೃದಯದ ಚಿತ್ರ ಇರುತ್ತದೆ, ಪಕ್ಕದಲ್ಲೇ ‘ಕೊಲೆಸ್ಟರಾಲ್ ಇಲ್ಲ’ ಎಂಬ ಮಾತು. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಕೊಳ್ಳುವವರಿಗೆ ಉಪಯೋಗವೂ ಇಲ್ಲ. ಅಡುಗೆಗೆ ಬಳಸುವ ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಅದು ಪ್ರಾಣಿಜನ್ಯ ಆಹಾರದಲ್ಲಿರುವ ವಸ್ತು. ನಮ್ಮ ರಕ್ತದ ಕೊಲೆಸ್ಟರಾಲನ್ನು ಹೆಚ್ಚಾಗಿ ತಯಾರಿಸುವುದು ನಮ್ಮದೇ ಯಕೃತ್ತು. ಹಾಗಾಗಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇದೆಯೇ ಎಂದು ಕೇಳುವುದಕ್ಕಿಂತ, ಆ ಎಣ್ಣೆ ತಿಂದ ಮೇಲೆ ಯಕೃತ್ತು ಏನು ಮಾಡುತ್ತದೆ ಎಂದು ಕೇಳಬೇಕು. ಅದಕ್ಕೆ ಉತ್ತರ ಪ್ಯಾಕೆಟ್ಟಿನ ಹಿಂಬದಿಯಲ್ಲಿ, ಸಣ್ಣ ಅಕ್ಷರದ ಪೋಷಕಾಂಶಗಳ ಪಟ್ಟಿಯಲ್ಲಿದೆ. ಅಲ್ಲಿ 100 ಗ್ರಾಂ ಎಣ್ಣೆಗೆ ಸ್ಯಾಚುರೇಟೆಡ್ ಕೊಬ್ಬು ಎಷ್ಟು ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ಓದಲು ಕಲಿತರೆ ಜಾಹೀರಾತಿನ ಹಂಗಿಲ್ಲದೆ ಎಣ್ಣೆ ಆರಿಸಬಹುದು.

ಸ್ಯಾಚುರೇಟೆಡ್ ಕೊಬ್ಬು ಯಾವುದು ಎಂದು ನಮ್ಮ ಮನೆಗಳಲ್ಲೇ ಕಣ್ಣಾರೆ ನೋಡಬಹುದು. ಡಿಸೆಂಬರ್ ಚಳಿಗೆ ಬೆಂಗಳೂರಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದೆ. ತುಪ್ಪ ಹರಳುಗಟ್ಟುತ್ತದೆ. ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ಮಾತ್ರ ನೀರಿನ ಹಾಗೆ ತೆಳ್ಳಗಿರುತ್ತದೆ. ಎಣ್ಣೆ ಎಂದರೆ ಕೊಬ್ಬಿನಾಮ್ಲಗಳ ಉದ್ದನೆಯ ಸರಪಳಿಗಳು. ಸ್ಯಾಚುರೇಟೆಡ್ ಸರಪಳಿ ನೆಟ್ಟಗಿರುತ್ತದೆ, ಅನ್‌ಸ್ಯಾಚುರೇಟೆಡ್ ಸರಪಳಿ ನಡುವೆ ಎಲ್ಲೋ ಬಾಗಿರುತ್ತದೆ. ನೆಟ್ಟಗಿನ ಸೌದೆಯನ್ನು ಒತ್ತೊತ್ತಾಗಿ ಒಟ್ಟಬಹುದು, ಸೊಟ್ಟ ಸೌದೆ ಒಟ್ಟಿದರೆ ನಡುವೆ ಸಂದು ಉಳಿಯುತ್ತದೆ. ನೆಟ್ಟಗಿನ ಸರಪಳಿಗಳು ಹಾಗೇ ಒತ್ತಾಗಿ ಸೇರಿಕೊಳ್ಳುವುದರಿಂದ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಒಂದು ಕಡೆ ಬಾಗಿದ್ದರೆ ಮೋನೋ, ಒಂದಕ್ಕಿಂತ ಹೆಚ್ಚು ಕಡೆ ಬಾಗಿದ್ದರೆ ಪಾಲಿ ಅನ್‌ಸ್ಯಾಚುರೇಟೆಡ್. ಪಟ್ಟಿಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಾಲುಗಳಿರುತ್ತವೆ.

ಯಾವ ಎಣ್ಣೆಯೂ ಪೂರ್ತಿಯಾಗಿ ಒಂದೇ ಬಗೆಯ ಕೊಬ್ಬಲ್ಲ, ಎಲ್ಲವೂ ಮಿಶ್ರಣವೇ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಸುಮಾರು ಶೇ 90. ತುಪ್ಪದಲ್ಲಿ ಶೇ 60ರ ಆಸುಪಾಸು, ಪಾಮೋಲಿನ್‌ನಲ್ಲಿ ಶೇ 40ಕ್ಕೂ ಹೆಚ್ಚು. ಕಡಲೆಕಾಯಿ ಎಣ್ಣೆ ಮತ್ತು ಅಕ್ಕಿ ತವುಡಿನ ಎಣ್ಣೆಯಲ್ಲಿ ಶೇ 20ರ ಹತ್ತಿರ, ಎಳ್ಳೆಣ್ಣೆಯಲ್ಲಿ ಶೇ 15, ಸೂರ್ಯಕಾಂತಿಯಲ್ಲಿ ಶೇ 11. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಶೇ 10ಕ್ಕಿಂತ ಕಡಿಮೆ. ಗಾಣದಲ್ಲಿ ತೆಗೆದ ಮಾತ್ರಕ್ಕೆ ಈ ಪ್ರಮಾಣ ಬದಲಾಗುವುದಿಲ್ಲ. ಗಾಣದ ಎಣ್ಣೆಯಲ್ಲಿ ಪರಿಮಳವೂ ಕೆಲವು ಸೂಕ್ಷ್ಮ ಪೋಷಕಾಂಶಗಳೂ ಹೆಚ್ಚು ಉಳಿಯುತ್ತವೆ, ಕೊಬ್ಬಿನ ಲೆಕ್ಕ ಮಾತ್ರ ಅದೇ.

ಈ ಲೆಕ್ಕಕ್ಕೂ ಹೃದಯಕ್ಕೂ ನಂಟು ಬೆಸೆಯುವುದು ಯಕೃತ್ತು. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಈ ವ್ಯವಸ್ಥೆಯನ್ನು ಪತ್ತೆ ಹಚ್ಚಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ಎಲ್‌ಡಿಎಲ್ ಕಣಗಳು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತವೆ, ಅವುಗಳಲ್ಲಿ ಕೆಲವು ರಕ್ತನಾಳದ ಒಳಪದರಕ್ಕೆ ನುಸುಳಿ ಅಲ್ಲೇ ಉಳಿಯುತ್ತವೆ. ಇದು ವರ್ಷಗಟ್ಟಲೆ ನಡೆದರೆ ನಾಳ ಕಿರಿದಾಗುತ್ತದೆ. ಅನ್‌ಸ್ಯಾಚುರೇಟೆಡ್ ಕೊಬ್ಬು, ಅದರಲ್ಲೂ ಪಾಲಿ ಬಗೆಯದು, ಆ ಜಾಗಕ್ಕೆ ಬಂದರೆ ಗ್ರಾಹಕಗಳು ಚುರುಕಾಗಿ ಎಲ್‌ಡಿಎಲ್ ಇಳಿಯುತ್ತದೆ.

ಹಾಗಾದರೆ ಎಷ್ಟು ತಿಂದರೆ ಹೆಚ್ಚು? ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿನಿಂದ ಬರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ.

ಈಗ ನಾಲ್ಕು ಜನರ ಒಂದು ಮನೆಯನ್ನು ತೆಗೆದುಕೊಳ್ಳೋಣ. ತಿಂಗಳಿಗೆ ಮೂರು ಲೀಟರ್ ಎಣ್ಣೆ ಖರ್ಚು. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅದನ್ನು ಮೂವತ್ತು ದಿನಕ್ಕೆ, ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 23 ಗ್ರಾಂ, ಅಂದರೆ ಐದು ಟೀ ಚಮಚ. ಇದರ ಜೊತೆಗೆ ಸಾರು, ಪಲ್ಯ, ಚಟ್ನಿ ಸೇರಿ ತಲೆಗೆ 25 ಗ್ರಾಂನಷ್ಟು ಹಸಿ ತೆಂಗಿನತುರಿ ಇದೆ ಎನ್ನೋಣ. ಅದರಲ್ಲೇ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಅನ್ನಕ್ಕೆ ಒಂದು ಚಮಚ ತುಪ್ಪದಿಂದ 3 ಗ್ರಾಂ. ಕಾಫಿ, ಮೊಸರು ಸೇರಿ 300 ಮಿಲಿ ಟೋನ್ಡ್ ಹಾಲಿನಿಂದ 6 ಗ್ರಾಂನಷ್ಟು. ಒಗ್ಗರಣೆಯ ಎಣ್ಣೆ ಯಾವುದೆಂದು ನೋಡುವ ಮೊದಲೇ 16 ಗ್ರಾಂ ಆಯಿತು.

ಮೂರೂ ಲೀಟರ್ ಕಡಲೆಕಾಯಿ ಎಣ್ಣೆಯಾದರೆ ಇದಕ್ಕೆ ನಾಲ್ಕೂವರೆ ಗ್ರಾಂ ಕೂಡಿ 20ರ ಸುಮಾರಿಗೆ ನಿಲ್ಲುತ್ತದೆ, ಮಿತಿಯೊಳಗೇ ಇದೆ. ಪಾಮೋಲಿನ್ ಆದರೆ 10 ಗ್ರಾಂ ಕೂಡಿ 26ಕ್ಕೆ ಹೋಗುತ್ತದೆ. ಪೂರ್ತಿ ಕೊಬ್ಬರಿ ಎಣ್ಣೆಯಾದರೆ ಎಣ್ಣೆಯೊಂದರಿಂದಲೇ 20 ಗ್ರಾಂಗೂ ಹೆಚ್ಚು ಬಂದು ಒಟ್ಟು 37ರ ಹತ್ತಿರ ಮುಟ್ಟುತ್ತದೆ. ಮೂರು ಮನೆಯಲ್ಲೂ ಅದೇ ಅಡುಗೆ, ಅದೇ ರುಚಿಯ ಕೈ, ಬೇರೆಯಾದದ್ದು ಎಣ್ಣೆಯ ಡಬ್ಬಿ ಮಾತ್ರ. ಬೇಕರಿ ತಿಂಡಿ, ಚಿಪ್ಸ್, ಹೋಟೆಲ್ ಊಟ ಈ ಲೆಕ್ಕದಲ್ಲಿ ಸೇರಿಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ಬಳಸುವುದು ಅಗ್ಗದ ತಾಳೆ ಎಣ್ಣೆಯನ್ನೇ.

ಇಲ್ಲಿ ಕರಾವಳಿಯವರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ: ನಮ್ಮ ಅಜ್ಜ ಅಜ್ಜಿ ಕೊಬ್ಬರಿ ಎಣ್ಣೆಯಲ್ಲೇ ಉಂಡು ಗಟ್ಟಿಯಾಗಿದ್ದರಲ್ಲ? ಪೆಸಿಫಿಕ್ ಸಾಗರದ ಟೊಕೆಲಾವ್ ಮತ್ತು ಪುಕಪುಕ ದ್ವೀಪಗಳ ಜನರ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ತೆಂಗು ಅವರ ಮುಖ್ಯ ಆಹಾರ, ಆದರೂ ಅವರಲ್ಲಿ ರಕ್ತನಾಳದ ಕಾಯಿಲೆ ವಿರಳವಾಗಿತ್ತು. ಕೊಬ್ಬರಿ ಎಣ್ಣೆಯ ಪರವಾಗಿ ಮಾತಾಡುವವರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಅದೇ ಅಧ್ಯಯನದಲ್ಲಿ, ತೆಂಗನ್ನು ಹೆಚ್ಚು ತಿನ್ನುತ್ತಿದ್ದ ಟೊಕೆಲಾವ್ ಜನರ ಕೊಲೆಸ್ಟರಾಲ್ ಪುಕಪುಕದವರಿಗಿಂತ 35ರಿಂದ 40 ಮಿಲಿಗ್ರಾಂ ಹೆಚ್ಚಿತ್ತು. ಮೀನು, ತೆಂಗು ತಿಂದು ಮೈಮುರಿದು ದುಡಿಯುತ್ತಿದ್ದ, ಸಕ್ಕರೆಯನ್ನು ಹೆಚ್ಚು ಕಾಣದ ಜನ ಅವರು. ನಮ್ಮ ಅಜ್ಜಂದಿರ ಬದುಕೂ ಹೆಚ್ಚುಕಡಿಮೆ ಹಾಗೇ ಇತ್ತು. ಕುರ್ಚಿಯ ಮೇಲೆ ಕೂತು ದುಡಿಯುವ, ಸಕ್ಕರೆ ಕಾಯಿಲೆ ನಲವತ್ತಕ್ಕೇ ಬರುವ ನಮಗೆ ಆ ರಕ್ಷಣೆ ಇಲ್ಲ. ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರ ಎಲ್‌ಡಿಎಲ್ ಸುಮಾರು 10 ಮಿಲಿಗ್ರಾಂ ಹೆಚ್ಚು. ಒಳ್ಳೆಯದೆನ್ನುವ ಎಚ್‌ಡಿಎಲ್ ಕೂಡ 4 ಮಿಲಿಗ್ರಾಂನಷ್ಟು ಏರಿತ್ತು ನಿಜ, ಆದರೆ ಎಚ್‌ಡಿಎಲ್ ಏರಿಸಿದ ಮಾತ್ರಕ್ಕೆ ಹೃದಯಾಘಾತ ತಪ್ಪುತ್ತದೆ ಎಂಬುದು ಔಷಧಗಳ ಪ್ರಯೋಗದಲ್ಲೂ ಸಾಬೀತಾಗಿಲ್ಲ.

ಹಾಗೆಂದು ಸ್ಯಾಚುರೇಟೆಡ್ ಕೊಬ್ಬನ್ನು ಬಿಟ್ಟರೆ ಸಾಕು ಎಂದರೂ ತಪ್ಪಾಗುತ್ತದೆ. ಸ್ಯಾಚುರೇಟೆಡ್ ಕೊಬ್ಬಿಗೂ ಹೃದ್ರೋಗಕ್ಕೂ ಸ್ಪಷ್ಟ ಸಂಬಂಧ ಕಾಣಲಿಲ್ಲ ಎಂದ ಅಧ್ಯಯನಗಳೂ ಇವೆ. ಅವು ಸುದ್ದಿಯಾದಾಗಲೆಲ್ಲ ‘ತುಪ್ಪ ನಿರ್ದೋಷಿ’ ಎಂಬ ತಲೆಬರಹ ಬರುತ್ತದೆ. ಗೊಂದಲಕ್ಕೆ ಒಂದು ದೊಡ್ಡ ಕಾರಣ, ಕೊಬ್ಬು ಬಿಟ್ಟವರು ಅದರ ಬದಲಿಗೆ ಏನು ತಿಂದರು ಎಂಬುದು. ಬೆಣ್ಣೆ ಬಿಟ್ಟು ಮೈದಾ, ಸಕ್ಕರೆ, ಬಿಳಿ ಅನ್ನ ಹೆಚ್ಚಿಸಿಕೊಂಡರೆ ಎಲ್‌ಡಿಎಲ್ ಸ್ವಲ್ಪ ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ, ಹೃದಯಕ್ಕೆ ಲಾಭವಾಗುವುದಿಲ್ಲ. ಅದೇ ಜಾಗಕ್ಕೆ ಅನ್‌ಸ್ಯಾಚುರೇಟೆಡ್ ಎಣ್ಣೆ, ಕಡಲೆಕಾಯಿ, ಎಳ್ಳು, ಮೀನು ಬಂದರೆ ಲಾಭವಾಗುತ್ತದೆ. ಪಾಲಿ ಅನ್‌ಸ್ಯಾಚುರೇಟೆಡ್ ಎಣ್ಣೆಯನ್ನು ಬದಲಿಯಾಗಿ ಕೊಟ್ಟ ಪ್ರಯೋಗಗಳನ್ನು ತೂಗಿ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೃದ್ರೋಗ ಸುಮಾರು ಶೇ 30ರಷ್ಟು ಇಳಿಯುತ್ತದೆ ಎಂದು 2017ರಲ್ಲಿ ಹೇಳಿತು.

ಇನ್ನುಳಿದದ್ದು ಬಾಣಲೆಯ ವಿಷಯ. ಬಾಗಿದ ಸರಪಳಿಗಳು ಹೃದಯಕ್ಕೆ ಒಳ್ಳೆಯವಾದರೂ ಬೆಂಕಿಯ ಮುಂದೆ ಮೆತ್ತಗೆ. ಸೂರ್ಯಕಾಂತಿ, ಕುಸುಬೆ ಎಣ್ಣೆಗಳನ್ನು ಮತ್ತೆ ಮತ್ತೆ ಕಾಯಿಸಿದರೆ ಬೇಗ ಕೆಡುತ್ತವೆ. ಕರಿಯುವುದಕ್ಕೆ ಕಡಲೆಕಾಯಿ ಅಥವಾ ಅಕ್ಕಿ ತವುಡಿನ ಎಣ್ಣೆ, ಒಗ್ಗರಣೆ ಪಲ್ಯಕ್ಕೆ ಸೂರ್ಯಕಾಂತಿ ಅಥವಾ ಕುಸುಬೆ ಎಂದು ಹಂಚಿಕೊಳ್ಳುವುದು ಸರಿಯಾದ ದಾರಿ. ಕರಿದ ಎಣ್ಣೆ ಕೆಟ್ಟಿದೆ ಎಂದು ತಿಳಿಯಲು ಯಂತ್ರ ಬೇಡ. ಬಣ್ಣ ಕಪ್ಪಾಗಿ, ಮುಟ್ಟಿದರೆ ಅಂಟಂಟಾಗಿ, ಬೋಂಡ ಬಿಟ್ಟಾಗ ಸಣ್ಣ ನೊರೆ ಆರದೆ ನಿಂತು, ಮೊದಲಿಗಿಂತ ಬೇಗ ಹೊಗೆಯಾಡಿದರೆ ಅದನ್ನು ಚೆಲ್ಲಬೇಕು. ಉಳಿದ ಎಣ್ಣೆಯನ್ನು ಹೊಸ ಎಣ್ಣೆಯ ಡಬ್ಬಿಗೆ ಸುರಿಯಬಾರದು, ಹಳತು ಹೊಸತನ್ನೂ ಕೆಡಿಸುತ್ತದೆ. ವನಸ್ಪತಿಯ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ, ಸ್ಯಾಚುರೇಟೆಡ್‌ಗಿಂತಲೂ ಕೆಟ್ಟದ್ದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಿಂದ ಅದಕ್ಕೆ ಶೇ 2ರ ಮಿತಿ ಹಾಕಿದೆ.

ಕೊಬ್ಬರಿ ಎಣ್ಣೆಯನ್ನಾಗಲಿ ತುಪ್ಪವನ್ನಾಗಲಿ ಮನೆಯಿಂದ ಹೊರಗೆ ಹಾಕಬೇಕಿಲ್ಲ. ಮೀನು ಸಾರಿಗೋ ಅವಿಯಲ್‌ಗೋ ಕೊನೆಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿದರೆ ಪರಿಮಳ ಬರುತ್ತದೆ, ಲೆಕ್ಕ ಮೀರುವುದಿಲ್ಲ. ದಿನನಿತ್ಯದ ಮೂರು ಲೀಟರ್ ಮಾತ್ರ ಸ್ಯಾಚುರೇಟೆಡ್ ಪಾಲು ಶೇ 20ರೊಳಗಿರುವ ಎಣ್ಣೆಯಾಗಿರಲಿ. ಹಾಗೆ ಒಳ್ಳೆಯ ಎಣ್ಣೆ ಎಂದು ಕೈ ಸಡಿಲ ಬಿಡಲೂಬೇಡಿ, ಎಲ್ಲ ಎಣ್ಣೆಯಲ್ಲೂ ಗ್ರಾಂಗೆ 9 ಕ್ಯಾಲೊರಿಯೇ. ಎಣ್ಣೆ ಬದಲಿಸುವ ಮುನ್ನ ಒಮ್ಮೆ, ಬದಲಿಸಿ ಎರಡು ತಿಂಗಳಾದ ಮೇಲೆ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ ಎಲ್‌ಡಿಎಲ್ ಹೋಲಿಸಿ ನೋಡಿ. ಈಗಾಗಲೇ ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಣ್ಣೆ ಬದಲಾಯಿತೆಂದು ಮಾತ್ರೆ ನಿಲ್ಲಿಸಬೇಡಿ, ಆ ತೀರ್ಮಾನ ವೈದ್ಯರದ್ದು.