ಹಿರಿತನ ಇದ್ದರೆ ಬಡ್ತಿ ಸಿಕ್ಕೇ ಸಿಗಬೇಕೇ?

ಹಳೆಯ ಮೈಸೂರು ರಾಜ್ಯದ ಸಂಖ್ಯಾಸಂಗ್ರಹಣ ಇಲಾಖೆಯಲ್ಲಿ ಕಿರಿಯ ಸಹಾಯಕರಾಗಿದ್ದ ಇಬ್ಬರಿಗೆ 1959ರಲ್ಲಿ ಒಂದು ಆಘಾತ ಕಾದಿತ್ತು. ಅವರಿಗಿಂತ ಕಿರಿಯರಾದವರಿಗೆ ಹಿರಿಯ ಸಹಾಯಕರ ಹುದ್ದೆಗೆ ಬಡ್ತಿ ಸಿಕ್ಕಿತು. ಇವರ ಹೆಸರನ್ನು ಯಾರೂ ಪರಿಶೀಲನೆಗೇ ತೆಗೆದುಕೊಂಡಿರಲಿಲ್ಲ. ಇಬ್ಬರೂ ಹೈಕೋರ್ಟಿಗೆ ಹೋದರು. ಕಿರಿಯರಿಗೆ ಬಡ್ತಿ ಸಿಕ್ಕಿದ ದಿನದಿಂದಲೇ ಇವರಿಗೂ ಬಡ್ತಿ ಕೊಡಿ ಎಂದು ಹೈಕೋರ್ಟು ಆದೇಶಿಸಿತು.

ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. 'ಮೈಸೂರು ರಾಜ್ಯ ವಿರುದ್ಧ ಸಯ್ಯದ್ ಮಹಮೂದ್' ಎಂಬ ಹೆಸರಿನಲ್ಲಿ 1968ರ ಕಾನೂನು ವರದಿಗಳಲ್ಲಿ ದಾಖಲಾಗಿರುವ ಆ ತೀರ್ಪು ಇಂದಿಗೂ ಬಡ್ತಿ ವಿವಾದಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇಬ್ಬರಿಗೆ ಅನ್ಯಾಯವಾದದ್ದು ನಿಜ ಎಂದು ಸುಪ್ರೀಂ ಕೋರ್ಟು ಒಪ್ಪಿತು, ಆದರೆ ನೇರವಾಗಿ ಬಡ್ತಿ ಕೊಡಿಸಲು ಒಪ್ಪಲಿಲ್ಲ. ಕಿರಿಯರಿಗೆ ಬಡ್ತಿ ಸಿಕ್ಕ ಆ ದಿನಾಂಕಗಳಲ್ಲಿ ಇವರು ಮೇಲಿನ ಹುದ್ದೆಗೆ ಅರ್ಹರಾಗಿದ್ದರೇ ಎಂದು ಸರ್ಕಾರವೇ ಪರಿಶೀಲಿಸಬೇಕು, ಅದರಿಂದ ಬರಬೇಕಾದ ಹಣದ ವಿಚಾರವನ್ನೂ ತೀರ್ಮಾನಿಸಬೇಕು ಎಂದಿತು.

ನೊಂದ ನೌಕರನಿಗೆ ಇದು ಅರೆಬರೆ ಪರಿಹಾರವಾಗಿ ಕಾಣಬಹುದು. ಆದರೆ ಅಲ್ಲಿನ ನಿಯಮ 'ಜ್ಯೇಷ್ಠತೆ-ಸಹ-ಅರ್ಹತೆ' ಎನ್ನುತ್ತಿತ್ತು. ಅಂದರೆ ಮೊದಲ ಸರದಿ ಹಿರಿಯನದು, ಆದರೆ ಮೇಲಿನ ಹುದ್ದೆಯ ಕೆಲಸ ಮಾಡಲು ಆತ ತಕ್ಕವನಾಗಿರಬೇಕು. ಅದನ್ನು ಅಳೆಯುವ ಕೆಲಸ ಇಲಾಖೆಯದು. ಸೇವಾ ದಾಖಲೆ ಮತ್ತು ಕಾರ್ಯನಿರ್ವಹಣಾ ವರದಿಗಳು ಇರುವುದೂ ಅಲ್ಲಿಯೇ.

ಹಾಗೆಂದು ಇಲಾಖೆ ಮನಬಂದಂತೆ ನಡೆಯುವ ಹಾಗಿಲ್ಲ. ಕನಿಷ್ಠ ಅರ್ಹತೆ ಇದ್ದವರಲ್ಲಿ ಹಿರಿಯನಿಗೇ ಬಡ್ತಿ, ಅವನಿಗಿಂತ ಕಿರಿಯ ಹೆಚ್ಚು ಜಾಣನಾಗಿದ್ದರೂ ಸರಿ ಎಂದು 1998ರಲ್ಲಿ ಗ್ರಾಮೀಣ ಬ್ಯಾಂಕುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ನಿಯಮದಲ್ಲಿ ಅರ್ಹತೆಗೇ ಮೊದಲ ಸ್ಥಾನವಿದ್ದರೆ ಲೆಕ್ಕ ತಿರುಗುತ್ತದೆ. ಆಗ ಹಿರಿತನ ನೆರವಿಗೆ ಬರುವುದು ಸರಿಸುಮಾರು ಸಮಾನರ ನಡುವೆ ಮಾತ್ರ. ಬಡ್ತಿ ತಪ್ಪಿದವರು ಮೊದಲು ತೆರೆದು ನೋಡಬೇಕಾದದ್ದು ತಮ್ಮ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಈ ಎರಡರಲ್ಲಿ ಯಾವುದಿದೆ ಎಂಬುದನ್ನು.

ಪರಿಶೀಲನೆಗೆ ಒಳಗಾಗುವ ಹಕ್ಕು ಸಣ್ಣದಲ್ಲ. ಸಂವಿಧಾನದ 16ನೇ ವಿಧಿ ಕೊಡುವ ಸಮಾನ ಅವಕಾಶದಲ್ಲಿ ಅದೂ ಸೇರಿದೆ, ಅದು ಮೂಲಭೂತ ಹಕ್ಕೇ ಎಂದು 1999ರ ಅಜಿತ್ ಸಿಂಗ್ ತೀರ್ಪು ಹೇಳಿದೆ. ಬಡ್ತಿ ಮಾತ್ರ ಆ ಹಕ್ಕಿನೊಳಗೆ ಬರುವುದಿಲ್ಲ. ಬಿಹಾರದ ವಿದ್ಯುತ್ ಮಂಡಳಿಯ ನೌಕರರೊಬ್ಬರಿಗೆ 2003ರಲ್ಲಿ ಬಡ್ತಿ ಸಿಕ್ಕಿತ್ತು. ಅದನ್ನು 1997ರಿಂದಲೇ ಎಣಿಸಬೇಕೆಂದು ಅವರು ಕೇಳಿದರು. ಹುದ್ದೆ ತೆರವಾದ ದಿನದಿಂದ ಬಡ್ತಿ ಕೇಳಲಾಗದು, ಬಡ್ತಿ ಕೊಟ್ಟ ದಿನದಿಂದಲೇ ಅದು ಜಾರಿ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅವರ ವಾದ ನಿಂತದ್ದು ಖಾಲಿ ಹುದ್ದೆಯ ಮೇಲೆ, ಮೈಸೂರಿನ ಇಬ್ಬರ ವಾದ ನಿಂತದ್ದು ತಮ್ಮನ್ನು ದಾಟಿ ಹೋದ ಕಿರಿಯರ ಮೇಲೆ. ಹಿಂದಿನ ದಿನಾಂಕ ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸದಲ್ಲಿದೆ.

ಇದೆಲ್ಲ ಪಟ್ಟಿಯಲ್ಲಿನ ಸ್ಥಾನ ಗಟ್ಟಿಯಾಗಿದ್ದರೆ. ಎಷ್ಟೋ ಜನರ ಜಗಳ ಆ ಸ್ಥಾನದ ಬಗ್ಗೆಯೇ ಇರುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ನೌಕರರ ಹಿರಿತನವನ್ನು 1957ರ ಜ್ಯೇಷ್ಠತಾ ನಿಯಮಗಳು ನಿರ್ಧರಿಸುತ್ತವೆ. ಸೇವೆಯ ಒಟ್ಟು ವರ್ಷ ಎಣಿಸಿದರೆ ಅದು ಸಿಗುವುದಿಲ್ಲ. 1979ರಲ್ಲಿ ಕೆಲಸಕ್ಕೆ ಸೇರಿದ ಸ್ಟಾಫ್ ನರ್ಸ್ ಒಬ್ಬರು ಅನಾರೋಗ್ಯದ ಕಾರಣ ತಾವೇ ಕೋರಿ 1989ರಲ್ಲಿ ಪ್ರಥಮ ದರ್ಜೆ ಸಹಾಯಕರಾದರು. ಹೊಸ ವೃಂದದಲ್ಲೂ 1979ರಿಂದಲೇ ಹಿರಿತನ ಬೇಕೆಂದರು. ನ್ಯಾಯಮಂಡಳಿಯೂ ಹೈಕೋರ್ಟೂ ಒಪ್ಪಿದವು, 2025ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹತ್ತು ವರ್ಷದ ದುಡಿಮೆ ಒಂದೇ ಏಟಿಗೆ ಲೆಕ್ಕದಿಂದ ಹೊರಗೆ ಬಿದ್ದದ್ದು ನೋವಿನ ಸಂಗತಿಯೇ. ಆದರೆ ಆ ಹತ್ತು ವರ್ಷ ಅದೇ ಕಚೇರಿಯಲ್ಲಿ ಸಹಾಯಕರಾಗಿ ದುಡಿದವರನ್ನು ಹೊರಗಿನಿಂದ ಬಂದವರು ಹಿಂದಕ್ಕೆ ತಳ್ಳಿದರೆ ಅದೂ ಅನ್ಯಾಯವೇ.

ಪಟ್ಟಿ ಮೊದಲು ತಾತ್ಕಾಲಿಕವಾಗಿ ಹೊರಬರುತ್ತದೆ, ಆಕ್ಷೇಪಣೆಗೆ ಗಡುವು ಇರುತ್ತದೆ, ಆಮೇಲೆ ಅಂತಿಮವಾಗುತ್ತದೆ. ಆಗ ನೋಡಬೇಕಾದದ್ದು ವೃಂದಕ್ಕೆ ಸೇರಿದ ದಿನಾಂಕ, ನೇಮಕದ ವಿಧಾನ, ಆಯ್ಕೆ ಪಟ್ಟಿಯ ಕ್ರಮಸಂಖ್ಯೆ. ಸುಮ್ಮನಿದ್ದು ನಾಲ್ಕಾರು ವರ್ಷದ ನಂತರ, ಕಿರಿಯರು ಎರಡು ಮೆಟ್ಟಿಲು ಏರಿದ ಮೇಲೆ ಎದ್ದರೆ ಕೇಳುವವರು ಕಡಿಮೆ. ತಮಿಳುನಾಡಿನ ಎಂಜಿನಿಯರ್ ಒಬ್ಬರು ಹದಿನಾಲ್ಕು ವರ್ಷ ಕಾದು ಬಂದಾಗ, ಕಿರಿಯರಿಗೆ ಬಡ್ತಿ ಸಿಕ್ಕ ಆರು ತಿಂಗಳಲ್ಲಿ, ಹೆಚ್ಚೆಂದರೆ ವರ್ಷದೊಳಗೆ ಬರಬೇಕಿತ್ತು ಎಂದು ಸುಪ್ರೀಂ ಕೋರ್ಟು 1974ರಲ್ಲಿ ಅವರನ್ನು ವಾಪಸು ಕಳಿಸಿತು. ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಹಾಕಲು ಇಂದಿಗೂ ಸಾಮಾನ್ಯ ಗಡುವು, ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷ.